ಹತ್ತೂವರೆಗೆ ಇಬ್ಬರು

ಅಮಾವಾಸ್ಯೆಯ ದಿನ ನಮ್ಮ ಸ್ಕ್ಯಾನಿಂಗ್ ಸೆಂಟರಿಗೆ ಜನ ಬರುವುದಿಲ್ಲ. ಬಸುರಿಯರಂತೂ ಬರುವುದೇ ಇಲ್ಲ. ಹಿರಿಯರು ಮನೆಯಿಂದ ಹೊರಡಲು ಬಿಡುವುದಿಲ್ಲ. ಆ ದಿನ ನಾವು ಕೌಂಟರಿನಲ್ಲಿ ಕುಳಿತು ಹಳೆಯ ರಿಪೋರ್ಟುಗಳನ್ನು ಜೋಡಿಸುತ್ತೇವೆ, ಟೀ ತರಿಸಿ ಕುಡಿಯುತ್ತೇವೆ. ಆದರೆ ಬರದೆ ಉಳಿದವರು ಎಲ್ಲಿಗೂ ಹೋಗಿರುವುದಿಲ್ಲ. ಮುಂದಿನ ದಿನಕ್ಕೆ ಬಂದು ನಿಲ್ಲುತ್ತಾರೆ. ನಾನು ಹೇಳಹೊರಟಿರುವ ಸಲ ಅಮಾವಾಸ್ಯೆ ಶನಿವಾರ ಬಿದ್ದಿತ್ತು, ಭಾನುವಾರ ನಮಗೆ ರಜೆ. ಎಲ್ಲರೂ ಸೋಮವಾರ ಬೆಳಿಗ್ಗೆಗೆ ಫೋನ್ ಮಾಡಿ ಟೈಮ್ ಕೇಳಿದರು. ನಾವು ಕೊಟ್ಟೆವು.

ನಾನು ಆ ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಅದಕ್ಕೆ ಮೊದಲು ಒಂದು ಶಾಲೆಯ ಆಫೀಸಿನಲ್ಲಿದ್ದೆ. ಅಲ್ಲಿ ಕಾಯುವವರೆಂದರೆ ಟಿ.ಸಿ. ಬೇಕಾದ ಪೋಷಕರು. ನಾಳೆ ಬನ್ನಿ ಎಂದರೆ ಗೊಣಗಿಕೊಂಡು ಹೋಗುತ್ತಿದ್ದರು. ಮನೆ ಉಪ್ಪಾರಹಳ್ಳಿಯಲ್ಲಿ, ಸೆಂಟರಿಗೆ ಹತ್ತಿರವಾಗುತ್ತದೆ, ಸಂಬಳವೂ ಸ್ವಲ್ಪ ಹೆಚ್ಚು ಎಂದು ಇಲ್ಲಿಗೆ ಬಂದೆ. ಹೊಟ್ಟೆಯೊಳಗೆ ಏನಿದೆಯೋ ಎಂದು ಹೆದರಿಕೊಂಡೇ ಬರುವ ಜನರನ್ನು ಕಾಯಿಸುವುದು ಬೇರೆಯೇ ಕೆಲಸ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಕೌಂಟರಿನಲ್ಲಿ ನಾವಿಬ್ಬರು. ನಾನು, ಮತ್ತೆ ಕುಣಿಗಲ್‌ನಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ನನ್ನ ಸಹೋದ್ಯೋಗಿ. ಅವಳು ನನಗಿಂತ ಚಿಕ್ಕವಳು, ಕೆಲಸದಲ್ಲಿ ನನಗಿಂತ ಹಳಬಳು. ಒಳಗೆ ಸ್ಕ್ಯಾನ್ ಮಾಡುವವರು ಮೇಡಂ. ಸೆಂಟರ್ ಅವರದೇ. ಯಂತ್ರವೂ ಒಂದೇ, ಡಾಕ್ಟರೂ ಒಬ್ಬರೇ.

ಮೇಡಂ ಮಾಡಿಕೊಂಡಿದ್ದ ಒಂದು ಏರ್ಪಾಡು ಇತ್ತು. ಒಂದೊಂದು ಹೊತ್ತಿಗೂ ಇಬ್ಬರಿಗೆ ಟೈಮ್ ಕೊಡಬೇಕು. ಟೈಮ್ ತೆಗೆದುಕೊಂಡವರೆಲ್ಲ ಬರುವುದಿಲ್ಲವಲ್ಲ. ಬಸ್ಸು ತಪ್ಪುತ್ತದೆ, ಮನೆಯಲ್ಲಿ ಏನೋ ಆಗುತ್ತದೆ, ಬೇರೆ ಕಡೆ ಮಾಡಿಸಿಕೊಂಡಿರುತ್ತಾರೆ. ಹಾಗೆ ಬಿಟ್ಟರೆ ಯಂತ್ರ ಸುಮ್ಮನೆ ಕೂರುತ್ತದೆ. ಇಬ್ಬರಿಗೆ ಕೊಟ್ಟರೆ ಒಬ್ಬರಾದರೂ ಬರುತ್ತಾರೆ. ಬಹಳ ದಿನ ಆ ಲೆಕ್ಕ ಸರಿಯಾಗಿಯೇ ನಡೆಯುತ್ತಿತ್ತು. ಇಬ್ಬರೂ ಬಂದ ದಿನ ಒಬ್ಬರನ್ನು ಸ್ವಲ್ಪ ಕೂರಿಸಿ, ಕಿಡ್ನಿ ಸ್ಕ್ಯಾನ್‌ನಂಥ ಬೇಗ ಮುಗಿಯುವುದನ್ನು ನಡುವೆ ತುರುಕಿ ಹೇಗೋ ಸರಿದೂಗಿಸುತ್ತಿದ್ದೆವು. ಕೂತವರಿಗೆ ಹೇಳಲು ನಮ್ಮಿಬ್ಬರ ಬಾಯಲ್ಲೂ ಒಂದೇ ಮಾತು ಇತ್ತು: "ಇನ್ನೈದು ನಿಮಿಷ."

ಆ ಸೋಮವಾರ ನಾನು ಬೀಗ ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಜನ ಕುಳಿತಿದ್ದರು. ಒಂಬತ್ತಕ್ಕೆಲ್ಲ ಕುರ್ಚಿಗಳು ತುಂಬಿದವು. ಟೈಮ್ ಕೊಟ್ಟ ಇಬ್ಬಿಬ್ಬರಲ್ಲಿ ಇಬ್ಬರೂ ಬರುತ್ತಿದ್ದರು. ಜೊತೆಗೆ ಗಂಡ, ಅತ್ತೆ, ತಾಯಿ, ಚಿಕ್ಕ ಮಕ್ಕಳು. ಸಹೋದ್ಯೋಗಿ ನನ್ನ ಕಡೆ ಬಾಗಿ, "ಅಕ್ಕಾ, ಯಾರೂ ತಪ್ಪಿಸ್ಕೊಂಡಿಲ್ಲ ಇವತ್ತು. ಎಲ್ರೂ ಬಂದವ್ರೆ," ಎಂದಳು. ನಗುತ್ತಲೇ ಹೇಳಿದಳು, ಆದರೆ ಅವಳ ಕೈ ಬಿಲ್ಲಿನ ಮೇಲೆ ನಿಂತುಬಿಟ್ಟಿತ್ತು.

ಮೊದಲ ಒಂದು ಗಂಟೆ ಹೇಗೋ ಸಾಗಿತು. ಹತ್ತೂವರೆಗೆ ಟೈಮ್ ಕೊಟ್ಟಿದ್ದ ಇಬ್ಬರದೂ ಐದನೇ ತಿಂಗಳ ಸ್ಕ್ಯಾನ್. ಮಗುವಿನ ತಲೆ, ಬೆನ್ನುಮೂಳೆ, ಹೃದಯ, ಕೈಕಾಲು ಎಲ್ಲವನ್ನೂ ಒಂದೊಂದಾಗಿ ನೋಡುವ ಸ್ಕ್ಯಾನ್ ಅದು. ಮಗು ಸರಿಯಾಗಿ ಮಲಗಿದ್ದರೆ ಅರ್ಧ ಗಂಟೆ. ಬೆನ್ನು ಮೇಲೆ ಮಾಡಿ ಮುದುರಿಕೊಂಡಿದ್ದರೆ ಎಷ್ಟು ಹೊತ್ತೆಂದು ಯಾರೂ ಹೇಳಲಾರರು. ಅಂಥದ್ದು ಎರಡು, ಒಂದೇ ಹೊತ್ತಿಗೆ.

ಒಬ್ಬಳು ಹಾಗಲವಾಡಿಯಿಂದ ಅತ್ತೆಯ ಜೊತೆ ಬಂದವಳು. ಚಿಕ್ಕ ಪ್ರಾಯ, ಮೊದಲ ಬಸುರು. ಇನ್ನೊಬ್ಬಳು ಹುಲಿಯೂರುದುರ್ಗದವಳು, ಗಂಡನ ಜೊತೆ ಬಂದಿದ್ದಳು. ಬೆಳಗಿನ ಮೊದಲ ಬಸ್ಸು ಹಿಡಿದು ಕುಣಿಗಲ್‌ನಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಬಸ್ಸು. ಹಾಗಲವಾಡಿಯವಳು ಸ್ವಲ್ಪ ಮೊದಲು ಬಂದಿದ್ದರಿಂದ ಅವಳನ್ನು ಒಳಗೆ ಕಳಿಸಿದೆ.

ಬಾಗಿಲು ಮುಚ್ಚಿತು. ಎಷ್ಟು ಹೊತ್ತಾದರೂ ತೆರೆಯಲಿಲ್ಲ.

ಮುಚ್ಚಿದ ಬಾಗಿಲನ್ನು ಹೊರಗಿನ ಹಾಲಿನಲ್ಲಿ ಕಾಯುತ್ತ ಕೂತವರು ಹೇಗೆ ನೋಡುತ್ತಾರೆಂದು ಅಲ್ಲಿ ಕೆಲಸ ಮಾಡಿದವರಿಗೇ ಗೊತ್ತು. ಮೊದಲು ಗಡಿಯಾರ ನೋಡುತ್ತಾರೆ. ಆಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆಮೇಲೆ ಪಿಸುಮಾತು ಶುರುವಾಗುತ್ತದೆ. "ಏನೋ ಸಿಕ್ಕೈತೆ ಕಣಮ್ಮ ಒಳ್ಗೆ, ಅದ್ಕೇ ಇಷ್ಟೊತ್ತು." ಒಬ್ಬ ಹೆಂಗಸು ಅಂದ ಆ ಮಾತು ಸಾಲು ಸಾಲಾಗಿ ಹಬ್ಬುವುದನ್ನು ನಾನು ಕಣ್ಣಾರೆ ಕಂಡೆ. ಬಸುರಿಯರೆಲ್ಲ ಅರಿವಿಲ್ಲದೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡರು. ಹೊರಗೆ ಬೆಂಚಿನ ತುದಿಯಲ್ಲಿ ಹಾಗಲವಾಡಿಯ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಳಿತಿದ್ದರು. ಆ ಮಾತು ಅವರಿಗೂ ಕೇಳಿತ್ತು.

ನಾನು ಒಳಗೆ ಇಣುಕಿದೆ. ಮೇಡಂ ತಿರುಗದೆಯೇ, "ಹೃದಯ ಸರಿಯಾಗಿ ಕಾಣ್ತಿಲ್ಲ, ಮಗು ಬೆನ್ನು ಕೊಟ್ಟಿದೆ. ತಡ ಆಗತ್ತೆ," ಎಂದರು. ಇದನ್ನು ಹೊರಗೆ ಹೇಳುವಂತಿಲ್ಲ. ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳಬಾರದು. ಹೊರಗೆ ಬಂದು ಏನು ಹೇಳಬೇಕೆಂದು ತೋಚದೆ, "ಇನ್ನೈದು ನಿಮಿಷ," ಎಂದೆ. ಎಷ್ಟನೇ ಸಲವೋ ಏನೋ.

ಅಷ್ಟರಲ್ಲಿ ಪಕ್ಕದ ನರ್ಸಿಂಗ್ ಹೋಮ್‌ನಿಂದ ವೀಲ್‌ಚೇರಿನಲ್ಲಿ ಒಬ್ಬಾಕೆಯನ್ನು ತಂದರು. ಎಂಟನೇ ತಿಂಗಳು, ರಕ್ತ ಹೋಗುತ್ತಿತ್ತು. ಕೇಳುವಂತೆಯೇ ಇರಲಿಲ್ಲ. ಮೇಡಂ ಹಾಗಲವಾಡಿಯವಳನ್ನು ಎಬ್ಬಿಸಿ, "ಸ್ವಲ್ಪ ಓಡಾಡಿ, ಏನಾದ್ರೂ ಸಿಹಿ ತಿನ್ನಿ, ಮಗು ತಿರುಗಿದ್ರೆ ಮತ್ತೆ ನೋಡೋಣ," ಎಂದು ಹೊರಗೆ ಕಳಿಸಿ ಈಕೆಯನ್ನು ಒಳಗೆ ಎಳೆದುಕೊಂಡರು. ಹಾಲಿನಲ್ಲಿದ್ದವರಿಗೆ ಕಂಡದ್ದು ಇಷ್ಟೇ: ಅಷ್ಟು ಹೊತ್ತು ಒಳಗಿದ್ದ ಹುಡುಗಿ ಕಣ್ಣು ಒರೆಸಿಕೊಂಡು ಹೊರಗೆ ಬಂದಳು, ಸರದಿಯಲ್ಲಿ ಇಲ್ಲದ ಇನ್ನೊಬ್ಬಳು ಒಳಗೆ ಹೋದಳು.

ಆಗ ಹುಲಿಯೂರುದುರ್ಗದ ಗಂಡ ಎದ್ದು ಬಂದ. ದಪ್ಪ ಮೈಕಟ್ಟು, ಕಪ್ಪು ಅಂಗಿ. ಅಲ್ಲಿಯವರೆಗೂ ಗೋಡೆಗೆ ಒರಗಿ ನಿಂತೇ ಇದ್ದ. ಫೋನನ್ನು ನನ್ನ ಮುಖದ ಮುಂದೆ ಹಿಡಿದ.

"ಏನಮ್ಮ ಇದು? ಹತ್ತೂವರೆ ಅಂತ ಮೆಸೇಜ್ ಕಳ್ಸಿದೀರ. ಆ ಹುಡ್ಗಿ ಅತ್ತೆ ಫೋನಲ್ಲೂ ಹತ್ತೂವರೆ ಅಂತ್ಲೇ ಐತೆ. ಈಗ್ತಾನೆ ನೋಡ್ದೆ. ಅದೆಂಗಮ್ಮ ಇಬ್ರಿಗೂ ಒಂದೇ ಟೈಮು?"

"ಸರ್, ಇನ್ನೈದು..."

"ಐದು ನಿಮಿಷ ಅನ್ಬೇಡಿ!" ಎಂದು ಅಂಗೈಯಿಂದ ಕೌಂಟರಿನ ಗಾಜನ್ನು ಬಡಿದ. ಗಾಜು ಒಡೆಯಲಿಲ್ಲ, ಆದರೆ ಪೆನ್ನಿನ ಡಬ್ಬಿ ಉರುಳಿ ಬಿತ್ತು. "ಆಗ್ಲಿಂದ ಐದು ನಿಮಿಷಾನೇ ಆಗ್ತಾ ಐತೆ! ದುಡ್ಡಿದ್ದೋರ್ನ ಒಳ್ಗೆ ಬುಡ್ತೀರ, ನಾವೇನ್ ಇಲ್ಲಿ ಬಿಟ್ಟಿ ಬಂದಿದೀವಾ?"

ಅವನ ಹಿಂದೆ ಇನ್ನೂ ನಾಲ್ಕಾರು ಜನ ಎದ್ದರು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಮಗುವೊಂದು ಕಿರುಚಿತು. ಗಾಜು ಒಡೆದರೆ ಹಿಂದೆ ಸರಿಯಲು ಜಾಗವಿಲ್ಲ ಎಂದು ಮನಸ್ಸಿನಲ್ಲಿ ಓಡಿತು. ಪಕ್ಕದಲ್ಲಿ ಸಹೋದ್ಯೋಗಿ ಅಳುತ್ತಿದ್ದಳು. ಶಬ್ದವಿರಲಿಲ್ಲ, ಬಿಲ್ಲಿನ ಮೇಲೆ ಹನಿಗಳು ಬೀಳುತ್ತಿದ್ದವು. ಅವಳನ್ನು ಆ ಜಾಗದಿಂದ ಎಬ್ಬಿಸಬೇಕು ಎಂದು ಮಾತ್ರ ನನಗೆ ಹೊಳೆಯಿತು.

"ನೀನು ಒಳ್ಗೆ ಹೋಗು. ನೀರು ಕುಡಿ. ಆಮೇಲೆ ಮಧ್ಯಾಹ್ನದೋರ್ಗೆಲ್ಲ ಒಬ್ಬೊಬ್ರಿಗೇ ಫೋನ್ ಮಾಡು. ಮನೆ ಬಿಟ್ಟಿಲ್ಲ ಅಂದ್ರೆ ನಾಳೆ ಬರಕ್ಕೆ ಹೇಳು. ಹೊರಟಿದ್ರೆ ಲೇಟಾಗುತ್ತೆ ಅಂತ ಈಗ್ಲೇ ಹೇಳ್ಬಿಡು," ಎಂದೆ.

"ನೀನೊಬ್ಳೇ ಹೆಂಗಕ್ಕ?"

"ಹೋಗು ಕಣೇ."

ಅವಳು ಹೋದಳು. ಬಾಗಿಲಿನಿಂದ ಇನ್ನಷ್ಟು ಜನ ಬರುವುದಾದರೂ ನಿಲ್ಲಲಿ ಎಂಬುದು ನನ್ನ ಆಸೆ. ಆದರೆ ಒಳಗಿದ್ದವರ ಎದುರು ಈಗ ನಾನೊಬ್ಬಳೇ. ಆ ಗಂಡ ಉತ್ತರಕ್ಕಾಗಿ ನಿಂತೇ ಇದ್ದ. ನಿಜ ಹೇಳಿದರೆ ಹೊಡೆಯುತ್ತಾನೇನೋ, ಸುಳ್ಳು ಹೇಳಿದರೆ ಖಂಡಿತ ಹೊಡೆಯುತ್ತಾನೆ ಎನ್ನಿಸಿತು.

ಆಗಲೇ ಅವನ ಹೆಂಡತಿ ಜನರನ್ನು ಸರಿಸಿಕೊಂಡು ಬಂದಳು. ಗಂಡನನ್ನು ಸಮಾಧಾನ ಮಾಡಲು ಬರುತ್ತಿದ್ದಾಳೆ ಎಂದುಕೊಂಡೆ. ಅವಳು ಅವನ ಕಡೆ ನೋಡಲೇ ಇಲ್ಲ.

"ಅಕ್ಕಾ, ಆ ತಾತ ಹೆಂಗೋ ಆಡ್ತವ್ರೆ, ನೋಡಿ ಸ್ವಲ್ಪ," ಎಂದಳು.

ಕೊನೆಯ ಸಾಲಿನಲ್ಲಿ, ನೀರಿನ ಕ್ಯಾನಿನ ಪಕ್ಕ ಕುಳಿತಿದ್ದರು ಅವರು. ಗುಬ್ಬಿಯಿಂದ ಬಂದಿದ್ದ ಹಿರಿಯರು, ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ. ಪಿತ್ತಕೋಶ ನೋಡಬೇಕೆಂದು ಅವರ ಡಾಕ್ಟರು ಹೊಟ್ಟೆಯ ಸ್ಕ್ಯಾನಿಗೆ ಬರೆದುಕೊಟ್ಟಿದ್ದರು. ಅದಕ್ಕೆ ಏನೂ ತಿನ್ನದೆ ಬರಬೇಕು. ಮಗ ಬೆಳಿಗ್ಗೆ ಬೈಕಿನಲ್ಲಿ ತಂದು ಬಿಟ್ಟು ಡ್ಯೂಟಿಗೆ ಹೋಗಿದ್ದ. ಬಂದಾಗಿನಿಂದ ಒಂದೇ ಒಂದು ಸಲ ಎದ್ದು ಬಂದು, "ಇನ್ನೂ ಎಷ್ಟೊತ್ತಾಗ್ಬೋದಮ್ಮ?" ಎಂದು ಕೇಳಿದ್ದರು. ಅವರಿಗೂ ಅದೇ ಐದು ನಿಮಿಷ ಹೇಳಿದ್ದೆ. "ಆಗ್ಲಿ ಬುಡಿ," ಎಂದು ಹೋಗಿ ಕೂತವರು ಮತ್ತೆ ಏಳಲಿಲ್ಲ. ಗಲಾಟೆ ಮಾಡದವರಲ್ಲವೇ, ಇವರದೇನೂ ಯೋಚನೆಯಿಲ್ಲ ಎಂದು ನಾನು ಅವರನ್ನು ಮರೆತೇಬಿಟ್ಟಿದ್ದೆ.

ಹತ್ತಿರ ಹೋದಾಗ ಅವರ ಅಂಗಿ ಮೈಗೆ ಅಂಟಿಕೊಂಡಿತ್ತು. ಫ್ಯಾನಿನ ಕೆಳಗೆ ಕೂತಿದ್ದರೂ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಅಂಗಿಯ ಗುಂಡಿಯನ್ನು ಬಿಚ್ಚುವುದು, ಹಾಕುವುದು, ಮತ್ತೆ ಬಿಚ್ಚುವುದು. ಕೈ ನಡುಗುತ್ತಿತ್ತು.

"ಯಜಮಾನ್ರೇ, ಏನಾಗ್ತಿದೆ?"

ನನ್ನನ್ನು ನೋಡಿದರು. ಆದರೆ ನಾನು ಅವರಿಗೆ ಕಂಡಂತಿರಲಿಲ್ಲ. "ಬಸ್ಸು ಬಂತಾ? ಬಸ್ಸು ನಿಲ್ಸಿ," ಎಂದರು.

"ನಿಮಗೆ ಶುಗರ್ ಇದ್ಯಾ?" ಎಂದೆ. ಅವರು ಮತ್ತೆ ಗುಂಡಿ ಬಿಚ್ಚತೊಡಗಿದರು. ಅವರ ಕಾಲ ಬಳಿ ಇದ್ದ ಕೈಚೀಲವನ್ನು ಹುಲಿಯೂರುದುರ್ಗದವಳೇ ತೆಗೆದು ನನ್ನ ಕೈಗೆ ಕೊಟ್ಟಳು. ಚೀಲದ ಬಾಯಿ ತೆರೆದರೆ ಮೇಲೆಯೇ ಮಾತ್ರೆಯ ಹಾಳೆ. ಸಕ್ಕರೆ ಕಾಯಿಲೆಯ ಮಾತ್ರೆ. ನಮ್ಮ ತಂದೆಯೂ ಅದನ್ನೇ ತಿನ್ನುತ್ತಿದ್ದುದರಿಂದ ಗುರುತು ಸಿಕ್ಕಿತು. ದಿನದ ಅಭ್ಯಾಸದಂತೆ ಬೆಳಿಗ್ಗೆ ಮಾತ್ರೆ ನುಂಗಿದ್ದಾರೆ, ನಾವು ಹೇಳಿದೆವೆಂದು ಊಟ ಬಿಟ್ಟಿದ್ದಾರೆ. ಆಮೇಲೆ ಇಷ್ಟು ಹೊತ್ತು ಇಲ್ಲಿ ಕೂತಿದ್ದಾರೆ.

ಓಡಿ ಹೋಗಿ ಮೇಡಂ ಬಾಗಿಲು ಬಡಿಯದೆಯೇ ತಳ್ಳಿದೆ. ಒಳಗೆ ರಕ್ತ ಹೋಗುತ್ತಿದ್ದ ಆಕೆಯ ಸ್ಕ್ಯಾನ್ ಆಗತಾನೇ ಮುಗಿದು, ನರ್ಸಿಂಗ್ ಹೋಮಿನವರು ಅವಳನ್ನು ಕುರ್ಚಿಗೆ ಇಳಿಸುತ್ತಿದ್ದರು. ಮೇಡಂ ನನ್ನ ಮುಖ ನೋಡಿಯೇ ಎದ್ದರು. ಗ್ಲೂಕೋಮೀಟರ್ ಹಿಡಿದು ಬಂದು ಆ ಹಿರಿಯರ ಬೆರಳು ಚುಚ್ಚಿ ನೋಡಿದರು.

"ತುಂಬಾ ಇಳಿದಿದೆ. ಗ್ಲೂಕೋಸ್ ತನ್ನಿ, ಬೇಗ. ಯಜಮಾನ್ರೇ, ಇಲ್ಲಿ ನೋಡಿ, ನುಂಗೋಕ್ಕಾಗತ್ತಾ?"

ಒಂದು ಗುಟುಕು ಕುಡಿಸಿ ನುಂಗುತ್ತಾರೋ ಇಲ್ಲವೋ ನೋಡಿದರು. ನುಂಗಿದರು. ಆಮೇಲೆ ಲೋಟವನ್ನು ನನ್ನ ಕೈಗೆ ಕೊಟ್ಟು, "ನಿಧಾನಕ್ಕೆ ಕುಡಿಸಿ, ಮಲಗಿಸಬೇಡಿ," ಎಂದರು. ನಾನು ನೆಲದ ಮೇಲೆ ಮಂಡಿಯೂರಿ ಕುಡಿಸಿದೆ. ಅರ್ಧ ಅವರ ಗಡ್ಡದ ಮೇಲೆ, ನನ್ನ ಸೀರೆಯ ಮೇಲೆ ಚೆಲ್ಲಿತು. ಅವರು ಕಣ್ಣು ಮುಚ್ಚಿದಾಗಲೆಲ್ಲ ಭುಜ ಅಲುಗಿಸುತ್ತಿದ್ದೆ. "ಕಣ್ಣು ಬಿಡಿ, ಮಗನ ಹೆಸ್ರು ಹೇಳಿ, ಊರು ಯಾವ್ದು ಹೇಳಿ," ಎಂದು ಏನೇನೋ ಕೇಳುತ್ತಿದ್ದೆ.

ಇಡೀ ಹಾಲಿನಲ್ಲಿ ಒಂದು ಮಾತಿಲ್ಲ. ಕೂಗುತ್ತಿದ್ದವರೆಲ್ಲ ನಿಂತ ಕಡೆಯೇ ನಿಂತಿದ್ದರು. ಆ ಗಲಾಟೆಗಿಂತ ಈ ಮೌನಕ್ಕೆ ನನಗೆ ಹೆಚ್ಚು ಭಯವಾಯಿತು. ಇವರಿಗೇನಾದರೂ ಆದರೆ ಅಷ್ಟೂ ಕಣ್ಣುಗಳು ನನ್ನ ಕಡೆಗೇ ತಿರುಗುತ್ತವೆ, ತಿರುಗಬೇಕಾದದ್ದೂ ಹಾಗೆಯೇ ಎನ್ನಿಸುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವರು ತಮ್ಮ ಬಿಚ್ಚಿದ ಅಂಗಿ ನೋಡಿಕೊಂಡು, ನಾಚಿಕೆಯಿಂದ ಗುಂಡಿ ಹಾಕಿಕೊಂಡರು. "ಯಾಕಮ್ಮ ನೆಲ್ದ ಮೇಲೆ ಕೂತಿದೀಯ?" ಎಂದು ನನ್ನನ್ನು ಕೇಳಿದರು. ನನಗೆ ಅಳು ಬಂದಿತು.

ಮೇಡಂ ಮತ್ತೊಮ್ಮೆ ಬೆರಳು ಚುಚ್ಚಿ ನೋಡಿ, ಏರಿದೆ ಎಂದರು. ಆದರೂ ಆ ಮಾತ್ರೆಯ ಪ್ರಭಾವ ಇನ್ನೂ ಇರುತ್ತದೆ, ಮತ್ತೆ ಇಳಿಯಬಹುದು ಎಂದು, ಏನಾದರೂ ತಿನ್ನಿಸಿ ನರ್ಸಿಂಗ್ ಹೋಮಿನ ಡಾಕ್ಟರ ಬಳಿ ಸಂಜೆಯವರೆಗೆ ಇರಿಸಿಕೊಳ್ಳಲು ಕಳಿಸಿದರು. ಮಗನಿಗೆ ಫೋನ್ ಮಾಡಿಸಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. ಬೈಯುತ್ತಾರೆ ಎಂದು ನಿಂತೆ.

"ನಾನೀಗ ಒಳಗೆ ಹೋಗ್ಬೇಕು. ಇಲ್ಲಿ ನಿಂತಷ್ಟೂ ಇನ್ನೂ ತಡ. ಇವರಿಗೆಲ್ಲ ನೀವೇ ಹೇಳಿ."

"ಏನಂತ ಹೇಳ್ಲಿ ಮೇಡಂ?"

"ಇದ್ದದ್ದು ಇದ್ದ ಹಾಗೆ ಹೇಳಿ. ಒಂದೇ ಟೈಮಿಗೆ ಇಬ್ಬರನ್ನ ಕರೆಸಿ ಅಂದಿದ್ದು ನಾನು. ಅದನ್ನೂ ಹೇಳಿ."

ನಾನು ಕೌಂಟರಿನ ಹಿಂದೆ ಹೋಗಲಿಲ್ಲ. ಹೋಗಿದ್ದರೆ ಮಾತು ಹೊರಡುತ್ತಿರಲಿಲ್ಲವೇನೋ. ಹಾಲಿನ ಮಧ್ಯದಲ್ಲಿ, ಗ್ಲೂಕೋಸ್ ಚೆಲ್ಲಿ ಒದ್ದೆಯಾದ ಸೀರೆಯಲ್ಲೇ ನಿಂತೆ.

"ಎಲ್ರೂ ಸ್ವಲ್ಪ ಕೇಳಿ. ಕೆಲವ್ರು ಬರಲ್ಲ ಅಂತ ನಾವು ಒಂದೇ ಟೈಮಿಗೆ ಇಬ್ಬಿಬ್ರಿಗೆ ಹೇಳಿದ್ವಿ. ಇವತ್ತು ಎಲ್ರೂ ಬಂದಿದೀರ. ಅದು ನಮ್ಮ ಕಡೆಯ ತಪ್ಪು, ನಿಮ್ದಲ್ಲ. ಮಧ್ಯದಲ್ಲಿ ರಕ್ತ ಹೋಗ್ತಿದ್ದೋರು ಬಂದ್ರು, ಅವ್ರನ್ನ ನಿಲ್ಸಕ್ಕಾಗಲ್ಲ. ಇನ್ನು ಐದು ನಿಮಿಷ ಅಂತ ನಾನು ಯಾರಿಗೂ ಹೇಳಲ್ಲ. ಖಾಲಿ ಹೊಟ್ಟೇಲಿ ಇರೋರು ಯಾರ್ಯಾರು, ಶುಗರ್ ಇರೋರು ಯಾರ್ಯಾರು, ಈಗ್ಲೇ ಕೈ ಎತ್ತಿ."

ಮೂರು ಕೈ ಮೇಲೆದ್ದವು. ಅದರಲ್ಲಿ ಒಬ್ಬ ಹೆಂಗಸಿಗೆ ಸಕ್ಕರೆ ಕಾಯಿಲೆ ಇತ್ತು. ಬೆಳಗಿನ ಮಾತ್ರೆ ನುಂಗಿದ್ದೀರಾ ಎಂದು ಕೇಳಿದೆ. ಮಾತ್ರೆ ನುಂಗಿಲ್ಲ ಎಂದರು. ಆದರೂ ಅವರನ್ನೇ ಮೊದಲು ಕಳಿಸುವುದೆಂದು ಎಲ್ಲರ ಎದುರೂ ಹೇಳಿದೆ. ಉಳಿದ ಇಬ್ಬರು ಅವರ ಹಿಂದೆ. ಹೊಟ್ಟೆಯ ಸ್ಕ್ಯಾನ್ ಬೇಗ ಮುಗಿಯುತ್ತದೆ. ಆಮೇಲೆ ಹುಲಿಯೂರುದುರ್ಗದವರು, ಆಮೇಲೆ ಮತ್ತೆ ಹಾಗಲವಾಡಿಯವರು. ಅಷ್ಟರಲ್ಲಿ ಮಗು ತಿರುಗಲೂ ಹೊತ್ತು ಸಿಗುತ್ತದೆ. ಅವರಾದ ಮೇಲಿನವರಿಗೆಲ್ಲ ಊಟದ ನಂತರವೇ ಎಂದುಬಿಟ್ಟೆ. ಹೋಗಿ ಊಟ ಮಾಡಿ ಬನ್ನಿ, ನಿಮ್ಮ ಸರದಿ ಎಲ್ಲಿಗೂ ಹೋಗುವುದಿಲ್ಲ, ಹತ್ತಿರ ಬಂದಾಗ ನಾನೇ ಫೋನ್ ಮಾಡುತ್ತೇನೆ ಎಂದೆ. ಸ್ಕ್ಯಾನಿಗೆ ಮೂತ್ರಕೋಶ ತುಂಬಿರಬೇಕೆಂದು ನೀರು ಕುಡಿದು, ಮೂತ್ರ ಕಟ್ಟಿಕೊಂಡು ನುಲಿಯುತ್ತಿದ್ದ ಇಬ್ಬರು ಹೆಂಗಸರಿಗೆ, ಈಗ ಹೋಗಿ ಬನ್ನಿ, ಮತ್ತೆ ಯಾವಾಗ ನೀರು ಕುಡಿಯಬೇಕೋ ನಾನು ಹೇಳುತ್ತೇನೆ ಎಂದೆ. ಅವರಲ್ಲೊಬ್ಬಳು ಓಡಿಯೇ ಹೋದಳು.

ಎಲ್ಲರೂ ಒಪ್ಪಿದರು ಎನ್ನಲಾರೆ. ಒಬ್ಬರು ಬೈದುಕೊಂಡು ಎದ್ದು ಬೇರೆ ಸೆಂಟರಿಗೆ ಹೋದರು. ಇನ್ನೊಬ್ಬರು ನಾಳೆ ಬರುತ್ತೇವೆಂದು ಬೆಳಗಿನ ಮೊದಲ ಟೈಮ್ ಬರೆಸಿಕೊಂಡರು. ಉಳಿದವರು ಊಟಕ್ಕೆ ಇಳಿದು ಹೋದರು. ಹಾಲಿನಲ್ಲಿ ಗಾಳಿಯಾಡಿದಂತಾಯಿತು. ಸಹೋದ್ಯೋಗಿ ಮುಖ ತೊಳೆದುಕೊಂಡು ಬಂದು, "ಏಳು ಜನ ನಾಳೆ ಬರ್ತೀವಿ ಅಂದ್ರು ಅಕ್ಕ," ಎಂದು ಪಿಸುಗುಟ್ಟಿ ತನ್ನ ಕುರ್ಚಿಯಲ್ಲಿ ಕೂತಳು. ನಾನು ಅವಳಿಗೆ ಬಿಲ್ಲು ಮಾತ್ರ ನೋಡಿಕೋ, ಜನರ ಜೊತೆ ಮಾತು ನನ್ನದು ಎಂದೆ.

ಹುಲಿಯೂರುದುರ್ಗದವಳ ಸರದಿ ಬಂತು. ಒಳಗೆ ಹೋಗುವ ಮೊದಲು ಕೈತೊಳೆಯುವ ಕಡೆ ನನ್ನನ್ನು ನಿಲ್ಲಿಸಿ, "ನಮ್ಮೆಜಮಾನ್ರು ಹಂಗೆ ಕೂಗಿದ್ದಕ್ಕೆ ಬೇಜಾರ್ ಮಾಡ್ಕಬೇಡಿ ಅಕ್ಕ. ಹೋದ್ಸಲ ಇದೇ ಐದನೇ ತಿಂಗ್ಳಲ್ಲಿ ಸ್ಕ್ಯಾನ್‌ನಲ್ಲಿ ಗೊತ್ತಾಯ್ತು, ಮಗು ಉಳ್ಯಲ್ಲ ಅಂತ. ಅವತ್ತೂ ಬಾಗ್ಲು ಹಿಂಗೇ ಎಷ್ಟೊತ್ತಾದ್ರೂ ತೆಗೀಲಿಲ್ಲ," ಎಂದಳು.

ಬಾಗಿಲು ಮುಚ್ಚಿತು. ಅವನು ಹೊರಗೆ ಕೂತ. ಕೂತ ಎನ್ನುವುದಕ್ಕಿಂತ ಕುರ್ಚಿಯ ತುದಿಗೆ ಅಂಟಿಕೊಂಡಿದ್ದ. ಸ್ವಲ್ಪ ಹೊತ್ತು ಬಿಟ್ಟು ನನ್ನ ಹತ್ತಿರ ಬಂದ. ಆ ಮೊದಲಿನ ದನಿ ಇರಲಿಲ್ಲ.

"ಅಮ್ಮಾ, ಬೇಗ ಹೊರಗೆ ಬಂದ್ರೆ ಒಳ್ಳೇದೋ, ತಡ ಆದ್ರೆ ಒಳ್ಳೇದೋ?"

"ಎರಡ್ರಲ್ಲೂ ಏನೂ ತಿಳಿಯಲ್ಲ ಅಣ್ಣ. ಮಗು ಹೆಂಗೆ ಮಲಗಿದೆಯೋ ಅದ್ರ ಮೇಲೆ. ಅರ್ಧ ಗಂಟೆ ಆಗೇ ಆಗುತ್ತೆ. ಅದಕ್ಕಿಂತ ಹೆಚ್ಚಾದ್ರೆ ನಾನೇ ಒಳಗೆ ಹೋಗಿ ಕೇಳ್ಕೊಂಡು ಬರ್ತೀನಿ," ಎಂದೆ.

ಅರ್ಧ ಗಂಟೆ ಆಯಿತು. ಬಾಗಿಲು ತೆರೆಯಲಿಲ್ಲ. ಅವನು ನನ್ನ ಕಡೆ ನೋಡಿದ. ಕೊಟ್ಟ ಮಾತಿನಂತೆ ಎದ್ದು ಒಳಗೆ ಹೋದೆ. ಅವನಿಗೆ ತರಬೇಕಾದ ಸುದ್ದಿ ಏನೋ ಎಂದೇ ಯೋಚಿಸುತ್ತಿದ್ದೆ. ಮೇಡಂ ನನ್ನನ್ನು ನೋಡಿ, "ಎಲ್ಲ ನೋಡಿ ಆಯ್ತು, ಒಂದು ಕಾಲು ಮಾತ್ರ ಬಾಕಿ. ಅವರನ್ನೇ ಒಳಗೆ ಕರೀರಿ," ಎಂದರು.

ಹೊರಗೆ ಬಂದು ಕರೆದೆ. ಅವನು ಕೂತಲ್ಲೇ ಕೂತಿದ್ದ. "ಯಾಕೆ ಕರೀತವ್ರೆ? ಯಾಕೆ?" ಎಂದ. "ತೋರ್ಸಕ್ಕೆ ಅಣ್ಣ. ಭಯ ಬೇಡ," ಎಂದು ತೋಳು ಹಿಡಿದು ಎಬ್ಬಿಸಿದೆ. ಹೊರಗೆ ಬಂದಾಗ ಹೆಂಡತಿ, "ಎಲ್ಲಾ ಸರಿ ಐತಂತೆ ಅಕ್ಕ," ಎಂದಳು. ಅವನು ರಿಪೋರ್ಟಿನ ಕವರನ್ನು ಅಂಗಿಯೊಳಗೆ ಇಟ್ಟುಕೊಂಡ, ಮಳೆಯೇನೂ ಇರಲಿಲ್ಲ. ನನಗೆ ಕೈ ಮುಗಿದು ಮೆಟ್ಟಿಲಿಳಿದು ಹೋದ.

ಹಾಗಲವಾಡಿಯ ಹುಡುಗಿಯದು ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಮಗು ತಿರುಗಿತ್ತು, ಹೃದಯ ಕಂಡಿತು. ಆದರೆ ಮೇಡಂ ಅವಳನ್ನು ಬೆಂಗಳೂರಿನಲ್ಲಿ ಮಕ್ಕಳ ಹೃದಯ ನೋಡುವ ಡಾಕ್ಟರಿಗೆ ತೋರಿಸಲು ಬರೆದುಕೊಟ್ಟರು. ಅತ್ತೆ ಸೊಸೆಯ ಕೈ ಬಿಗಿಯಾಗಿ ಹಿಡಿದುಕೊಂಡು ಹೋದದ್ದನ್ನು ನೋಡಿದೆ. ಬೆಳಿಗ್ಗೆ ಆ ಪಿಸುಮಾತು ಶುರು ಮಾಡಿದ ಹೆಂಗಸು ತಲೆ ತಗ್ಗಿಸಿ ಕೂತಿದ್ದಳು. ಎಂಟನೇ ತಿಂಗಳ ಸ್ಕ್ಯಾನಿಗೆ ಆ ಅತ್ತೆ ಸೊಸೆ ಮತ್ತೆ ಬಂದರು. ಮಗುವಿನ ಹೃದಯದಲ್ಲಿ ಸಣ್ಣ ತೂತು ಇದೆಯಂತೆ, ಹುಟ್ಟಿದ ಮೇಲೆ ತಾನೇ ಮುಚ್ಚಿಕೊಳ್ಳಬಹುದು, ಇಲ್ಲದಿದ್ದರೆ ನೋಡೋಣ ಎಂದು ಬೆಂಗಳೂರಿನ ಡಾಕ್ಟರು ಹೇಳಿದ್ದಾರಂತೆ. "ಮುಚ್ಕಬೋದು ಅಂದವ್ರೆ ಕಣಮ್ಮ," ಎಂದು ಅತ್ತೆ ಆ ಒಂದು ಪದವನ್ನೇ ಎರಡು ಸಲ ಹೇಳಿದರು.

ಆ ಸೋಮವಾರ ಸಂಜೆ ಗುಬ್ಬಿಯ ಹಿರಿಯರ ಮಗ ಬಂದ. ಬಾಗಿಲಲ್ಲಿ ಬೈಕು ನಿಂತ ಸದ್ದಿಗೇ ನಾನು ಎದ್ದು ನಿಂತಿದ್ದೆ. ಅವನು ಕೂಗಲಿಲ್ಲ. "ನೀವು ಖಾಲಿ ಹೊಟ್ಟೇಲಿ ಬನ್ನಿ ಅಂದ್ರಿ, ಬಂದ್ರು. ಮಾತ್ರೆ ಬೇಡ ಅಂತ ಒಂದು ಮಾತು ಹೇಳಿದ್ರೆ ನುಂಗ್ತಿರ್ಲಿಲ್ಲ," ಎಂದ. ಕೂಗಿದ್ದರೇ ವಾಸಿಯಿತ್ತು. ಮೇಡಂ ಅವನ ಎದುರು ಕುಳಿತು, ಹೌದು, ಕೇಳಬೇಕಿತ್ತು, ಕೇಳಲಿಲ್ಲ ಎಂದರು. ಎರಡು ದಿನ ಬಿಟ್ಟು ಅವರಿಬ್ಬರೂ ಮತ್ತೆ ಬಂದರು. ಬಾಗಿಲು ತೆಗೆದ ಕೂಡಲೇ ಅವರನ್ನೇ ಒಳಗೆ ಕಳಿಸಿದೆ. ಪಿತ್ತಕೋಶದಲ್ಲಿ ಕಲ್ಲು ಇತ್ತು, ಬೇರೇನೂ ಇರಲಿಲ್ಲ.

ಆ ವಾರ ನಾವು ಮೂವರೂ ಕೂತು ಮಾತಾಡಿದೆವು. ಇಬ್ಬರಿಗೆ ಒಂದೇ ಟೈಮ್ ಕೊಡುವುದನ್ನು ಮೇಡಂ ಪೂರ್ತಿ ಬಿಡಲಿಲ್ಲ. ಬಿಟ್ಟರೆ ಸೆಂಟರ್ ನಡೆಯುವುದಿಲ್ಲ ಎಂದರು, ಅದೂ ನಿಜವೇ. ಆದರೆ ಐದನೇ ತಿಂಗಳ ಸ್ಕ್ಯಾನ್ ಇರುವ ಹೊತ್ತಿಗೆ ಇನ್ನೊಬ್ಬರನ್ನು ಹಾಕುವುದಿಲ್ಲ ಎಂದಾಯಿತು. ಬೆಳಿಗ್ಗೆಯ ನಡುವೆ ಒಂದು ಹೊತ್ತು, ಮಧ್ಯಾಹ್ನ ಒಂದು ಹೊತ್ತು ಯಾರಿಗೂ ಕೊಡದೆ ಖಾಲಿ ಬಿಡುವುದು, ತಡವಾದರೆ ಅದರಲ್ಲಿ ಸರಿಹೋಗಲಿ ಎಂದು. ಊಟ ಬಿಟ್ಟು ಬರುವವರೆಲ್ಲ ಬೆಳಿಗ್ಗೆ ಮೊದಲು. ಅಮಾವಾಸ್ಯೆಯ ಮರುದಿನ ಮಾತ್ರ ಒಂದು ಟೈಮಿಗೆ ಒಬ್ಬರೇ. ಹಿಂದಿನ ದಿನವೇ ಪ್ರತಿಯೊಬ್ಬರಿಗೂ ಫೋನ್ ಮಾಡಿ, ಬರುತ್ತೀರಾ ಎಂದು ಕೇಳಿ, ಶುಗರ್ ಇದೆಯಾ, ಯಾವ ಮಾತ್ರೆ ಎಂದು ಕೇಳುವುದು. ಇದೆ ಎಂದವರಿಗೆ, ಬೆಳಗಿನ ಮಾತ್ರೆಯ ವಿಷಯ ನಿಮ್ಮ ಡಾಕ್ಟರನ್ನು ಕೇಳದೆ ಬರಬೇಡಿ ಎನ್ನುವುದು. ಈ ಕೆಲಸವನ್ನು ಸಹೋದ್ಯೋಗಿ ತಾನೇ ಕೇಳಿ ತೆಗೆದುಕೊಂಡಳು. ಕೂಗುವವರ ಎದುರು ಅವಳು ಇವತ್ತಿಗೂ ನಿಲ್ಲಲಾರಳು, ಆದರೆ ಫೋನಿನಲ್ಲಿ ಅವಳಷ್ಟು ತಾಳ್ಮೆ ನನಗಿಲ್ಲ.

ಮುಂದಿನ ಅಮಾವಾಸ್ಯೆ ಕಳೆದ ಮರುದಿನ ಆ ಸೋಮವಾರದ ನೆನಪಿಗೇ ಮನೆಯಲ್ಲಿ ತಿಂಡಿ ಮುಟ್ಟದೆ ಹೊರಟೆ. ಮೆಟ್ಟಿಲ ಮೇಲೆ ಜನ ಇದ್ದರು. ಆ ದಿನವೂ ಒಂದು ಸ್ಕ್ಯಾನ್ ಎಳೆಯಿತು. ತಡವಾಗುತ್ತಿದೆ ಎಂದು ಗೊತ್ತಾದ ಕೂಡಲೇ ಎದ್ದು, ಎಲ್ಲರಿಗೂ ಮುಕ್ಕಾಲು ಗಂಟೆ ತಡ ಇದೆ, ಬೇಕಿದ್ದವರು ಹೋಗಿ ಬನ್ನಿ ಎಂದೆ. ಒಬ್ಬರು ಎದ್ದು ಬಂದು ಕೂಗಿದರು. ನಾನು ಕೇಳಿಸಿಕೊಳ್ಳುತ್ತಲೇ ಅವರ ಭುಜದ ಮೇಲಿಂದ ಕೊನೆಯ ಸಾಲಿನವರನ್ನು ಒಬ್ಬೊಬ್ಬರಾಗಿ ನೋಡುತ್ತಿದ್ದೆ. ಮೂಲೆಯಲ್ಲಿ ಒಬ್ಬ ಅಜ್ಜಿ ಕಣ್ಣು ಮುಚ್ಚಿ ಕುಳಿತಿದ್ದರು. ಕೂಗುತ್ತಿದ್ದವರನ್ನು ಅಲ್ಲೇ ಬಿಟ್ಟು ಹೋಗಿ ಅವರ ಕೈ ಮುಟ್ಟಿದೆ.

"ನಿದ್ದೆ ಬಂದಿತ್ತು ಕಣವ್ವ," ಎಂದರು ಅಜ್ಜಿ, ಸಿಟ್ಟಿನಿಂದ.